ನಲವತ್ತೇಳು ಕಾರ್ಡಿಗೆ ಒಂದೇ ಷರಾ

ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದರೆ ನಾನು ಸ್ವಲ್ಪ ಉಬ್ಬಿಹೋಗುತ್ತೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷದಿಂದ ಗಣಿತ ಹೇಳಿಕೊಡುತ್ತಿರುವವಳು ನಾನು. ಗಣಿತದ ಮಿಸ್ಸನ್ನು ಯಾರಾದರೂ ಪ್ರೀತಿಯಿಂದ ನೆನೆಸಿಕೊಳ್ಳುತ್ತಾರೆಯೇ? ಆ ಭಾಗ್ಯವೆಲ್ಲ ಕನ್ನಡದ ಮೇಷ್ಟರಿಗೆ. ನನ್ನನ್ನು ಗಾಂಧಿ ಬಜಾರಿನಲ್ಲಿ ಕಂಡರೆ ರಸ್ತೆ ದಾಟಿ ಆ ಕಡೆ ಹೋಗುವವರೇ ಜಾಸ್ತಿ. ಹಾಗಾಗಿ ಹೋದ ವರ್ಷ ಜುಲೈನಲ್ಲಿ ಒಂದು ಸಂಜೆ, ಹನುಮಂತನಗರದ ನಮ್ಮ ಮನೆಯ ಗೇಟಿನ ಹತ್ತಿರ ಒಬ್ಬಳು ನಿಂತು "ಮಿಸ್, ಗುರುತು ಸಿಕ್ತಾ?" ಎಂದು ಕೇಳಿದಾಗ, ಗುರುತು ಸಿಗದಿದ್ದರೂ "ಸಿಗ್ದೆ ಏನು, ಬಾರೇ ಒಳಗೆ" ಎಂದುಬಿಟ್ಟೆ.

ಕಾಫಿ ಕೊಟ್ಟು ಮಾತಾಡಿಸುತ್ತ ಹೋದ ಮೇಲೆ ಮಸುಕು ಮಸುಕಾಗಿ ನೆನಪಾಯಿತು. ಹದಿಮೂರು ವರ್ಷದ ಹಿಂದೆ, ಅವಳು ಎಂಟನೆಯ ತರಗತಿಯಲ್ಲಿದ್ದಾಗ ನಾನು ಅವಳ ಕ್ಲಾಸ್ ಟೀಚರ್. ಈಗ ಮಲ್ಲೇಶ್ವರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಿಗ್ಗೆ ಆರಕ್ಕೆ ಡ್ಯೂಟಿ, ಬಂದವರ ರಕ್ತ ತೆಗೆಯುವ ಕೆಲಸ. ಅಮ್ಮನ ಜೊತೆ ಮಾವಳ್ಳಿಯಲ್ಲಿ ವಾಸ. ಅಷ್ಟು ಹೇಳುವುದರೊಳಗೆ ಅವಳ ಕಣ್ಣು ತುಂಬಿಬಿಟ್ಟಿತು.

"ಕೆಲಸ ಬಿಡ್ತಾ ಇದೀನಿ ಮಿಸ್. ಎರಡು ಟ್ಯೂಬಿನ ಲೇಬಲ್ ಅದಲುಬದಲು ಮಾಡ್ಬಿಟ್ಟೆ. ಸೀನಿಯರ್ ನೋಡಿದ್ರು, ಇಬ್ರನ್ನೂ ವಾಪಸ್ ಕರೆಸಿ ಮತ್ತೆ ತೆಗೆದ್ವಿ. ಅವರು ನೋಡ್ದೆ ಹೋಗಿದ್ರೆ? ಒಬ್ಬರ ಸಕ್ಕರೆ ಕಾಯಿಲೆ ಇನ್ನೊಬ್ಬರಿಗೆ ಹೋಗಿರೋದು."

"ಒಂದ್ಸಲ ತಪ್ಪಾಗಿದ್ದಕ್ಕೆ ಕೆಲಸ ಬಿಡ್ತಾರೇನೇ?"

"ಒಂದ್ಸಲ ಅಲ್ಲ ಮಿಸ್. ಎಲ್ಲಾ ಮರ್ತೋಗುತ್ತೆ. ಯಾರು ಏನು ಹೇಳಿದ್ರೂ ತಲೆಗೆ ಹೋಗಲ್ಲ. ನನಗೆ ಎಡಿಎಚ್‌ಡಿ ಇದೆ. ಹುಟ್ಟಿದಾಗಿಂದ ಇದೆ. ಈ ಮಿದುಳಿಟ್ಕೊಂಡು ಈ ಕೆಲಸ ಆಗಲ್ಲ."

ಗಮನ ಒಂದು ಕಡೆ ನಿಲ್ಲದಿರುವ, ಸುಮ್ಮನೆ ಕೂರಲಾಗದ ಆ ತೊಂದರೆಯ ಬಗ್ಗೆ ಶಿಕ್ಷಕರ ತರಬೇತಿಯಲ್ಲಿ ಕೇಳಿದ್ದೆ. ಯಾವ ಡಾಕ್ಟರು ಹೇಳಿದರು ಎಂದು ಕೇಳಿದೆ. ಡಾಕ್ಟರು ಇನ್ನೂ ನೋಡಿಲ್ಲವಂತೆ. ಫೋನಿನಲ್ಲಿ ಬರುವ ಅರ್ಧ ನಿಮಿಷದ ವಿಡಿಯೋಗಳನ್ನು ನೋಡಿ ಗೊತ್ತಾಯಿತಂತೆ. "ನನ್ನನ್ನೇ ನೋಡಿ ಮಾಡ್ದಂಗಿದೆ ಮಿಸ್. ಒಂದು ನೋಡಿದೆ, ಆಮೇಲೆ ತಾನಾಗೇ ಬರ್ತಾನೇ ಇವೆ. ಫೋನಿಗೇ ಗೊತ್ತಾಗಿದೆ ನನಗೇನಾಗಿದೆ ಅಂತ." ಶನಿವಾರ ಬಸವನಗುಡಿಯ ಒಬ್ಬ ಮನೋವೈದ್ಯರ ಬಳಿ ಸಮಯ ತೆಗೆದುಕೊಂಡಿದ್ದಳು. ಇದು ದೊಡ್ಡವರಾದ ಮೇಲೆ ಹೊಸದಾಗಿ ಶುರುವಾಗುವ ತೊಂದರೆಯಲ್ಲ, ಚಿಕ್ಕಂದಿನಿಂದಲೂ ಇರಬೇಕು, ಆದ್ದರಿಂದ ಶಾಲೆಯ ದಾಖಲೆ ಏನಾದರೂ ಇದ್ದರೆ ತನ್ನಿ ಎಂದು ಕ್ಲಿನಿಕ್ಕಿನವರು ಹೇಳಿದ್ದರಂತೆ.

ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಒಳಗೆ ಎಂಟನೆಯ ತರಗತಿಯ ಪ್ರೋಗ್ರೆಸ್ ಕಾರ್ಡು. ಕೆಳಗೆ, ಷರಾ ಎಂದಿರುವ ಕಡೆ, ನನ್ನದೇ ದುಂಡು ಅಕ್ಷರ: "ಬುದ್ಧಿವಂತೆ. ಆದರೆ ಗಮನ ಬೇಗ ಚದುರುತ್ತದೆ. ಮನಸ್ಸು ಮಾಡಿದರೆ ಇನ್ನೂ ಚೆನ್ನಾಗಿ ಓದಬಲ್ಲಳು."

"ನೀವೊಬ್ರೇ ಮಿಸ್ ಅವಾಗ್ಲೇ ಕಂಡುಹಿಡಿದಿದ್ದು," ಎಂದಳು.

ಅದನ್ನು ಓದಿದಾಗ ಏನೋ ಸರಿಯಿಲ್ಲ ಅನಿಸಿತು. ಆದರೆ ಹದಿಮೂರು ವರ್ಷ ನನ್ನ ಮಾತನ್ನು ಕವರಿನಲ್ಲಿಟ್ಟು ಕಾಪಾಡಿದ್ದಾಳಲ್ಲ ಎಂಬ ಹೆಮ್ಮೆ ಅದಕ್ಕಿಂತ ಜೋರಾಗಿತ್ತು. ಡಾಕ್ಟರಿಗೆ ಒಂದು ಪತ್ರ ಬರೆದುಕೊಡಿ ಎಂದಳು. ಹಿಂದೆಮುಂದೆ ನೋಡದೆ ಬರೆದೆ. ಈಕೆಗೆ ಬಾಲ್ಯದಿಂದಲೂ ಏಕಾಗ್ರತೆಯ ಕೊರತೆ ಇದ್ದುದನ್ನು ನಾನು ಗಮನಿಸಿದ್ದೆ, ಎಂದು. ಸಹಿ ಹಾಕಿ, ಕೆಳಗೆ ಸಹಶಿಕ್ಷಕಿ ಎಂದು ಬೇರೆ ಬರೆದೆ. ಅವಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಹೋಗುವ ಮೊದಲು ತಾನು ನೋಡಿದ ನಾಲ್ಕಾರು ವಿಡಿಯೋಗಳನ್ನು ನನಗೂ ಕಳಿಸಿದ್ದಳು. ಸಾರಿಗೆ ಬೇಳೆ ಇಟ್ಟು ನೋಡುತ್ತ ಕೂತೆ. ಕೋಣೆಗೆ ಹೋಗಿ ಯಾಕೆ ಬಂದೆ ಎಂದು ಮರೆಯುತ್ತೀರಾ? ಮರೆಯುತ್ತೇನೆ. ಕಾಫಿ ಮಾಡಿಕೊಂಡು ಕುಡಿಯುವುದನ್ನೇ ಮರೆತು ಆರಿಹೋಗುತ್ತದೆಯೇ? ದಿನಾ. ಎದುರಿನವರು ಮಾತಾಡುವಾಗ ಮನಸ್ಸು ಬೇರೆಲ್ಲೋ ಇರುತ್ತದೆಯೇ? ನಮ್ಮ ಯಜಮಾನರನ್ನು ಕೇಳಿದರೆ ಅವರೇ ಹೇಳುತ್ತಾರೆ. ಕೊನೆಯ ದಿನದವರೆಗೂ ಕೆಲಸ ಮುಂದಕ್ಕೆ ಹಾಕುತ್ತೀರಾ? ಅಯ್ಯೋ ರಾಮ, ಉತ್ತರ ಪತ್ರಿಕೆಗಳ ಕಟ್ಟು ಮೇಜಿನ ಮೇಲೇ ಕೂತಿತ್ತು. ಒಂದು ವಿಡಿಯೋದಲ್ಲಿ ಯಾವುದರ ಮೇಲೂ ಗಮನ ನಿಲ್ಲದಿದ್ದರೆ ಅದೇ ಲಕ್ಷಣ ಎಂದರು. ಇನ್ನೊಂದರಲ್ಲಿ ಇಷ್ಟವಾದ ಕೆಲಸದಲ್ಲಿ ಮುಳುಗಿ ಊಟ ಮರೆತರೂ ಅದೇ ಲಕ್ಷಣ ಎಂದರು. ಎರಡೂ ನನಗೆ ಹೊಂದಿದವು. ಬೇಳೆ ಸೀದು ವಾಸನೆ ಬಂದಾಗ, ನನಗೂ ಇದೆ, ಐವತ್ತಾರನೇ ವಯಸ್ಸಿನವರೆಗೆ ಯಾರೂ ಹೇಳಲಿಲ್ಲವಲ್ಲ ಎಂದು ನಿಜವಾಗಿ ದುಃಖವಾಯಿತು. ನಗಬೇಡಿ, ಅತ್ತೇ ಬಿಟ್ಟೆ.

ಮಾರನೆಯ ದಿನ ಫೋನು ತೆಗೆದರೆ ದಿನಾ ಬರುತ್ತಿದ್ದ ರಂಗೋಲಿಯ ವಿಡಿಯೋವೂ ಇಲ್ಲ, ಗೊಜ್ಜಿನದೂ ಇಲ್ಲ, ಬರೀ ಎಡಿಎಚ್‌ಡಿ. ಅವಳು ಹೇಳಿದ್ದು ನೆನಪಾಯಿತು, ಫೋನಿಗೇ ಗೊತ್ತಾಗಿದೆ ಎಂದು. ಫೋನಿಗೆ ಗೊತ್ತಾದದ್ದು ಇಷ್ಟೇ: ನಾನು ನಿನ್ನೆ ಸಂಜೆ ಆ ವಿಡಿಯೋಗಳನ್ನು ಪೂರ್ತಿ ನೋಡಿದೆ, ಇಂಥದ್ದೇ ಇನ್ನಷ್ಟು ತೋರಿಸಿದರೆ ನೋಡುತ್ತೇನೆ. ಅದನ್ನು ರೋಗಪತ್ತೆ ಎಂದುಕೊಂಡಿದ್ದೆವಲ್ಲ ನಾವಿಬ್ಬರೂ!

ಶುಕ್ರವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆಗೆಯುವ ಮುಂಚೆ, ಇದು ಏನು ಎಂದು ಹೇಳದೆ, ಆ ವಿಡಿಯೋಗಳ ಹತ್ತು ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿದೆ. ನಾವು ಏಳು ಜನ ಇದ್ದೆವು. ವಿಜ್ಞಾನದ ಮೇಷ್ಟರಿಗೆ ಎಂಟು ಹೊಂದಿತು. ಪಿ.ಟಿ. ಮೇಷ್ಟರಿಗೆ ಒಂಬತ್ತು. ವರ್ಷಗಟ್ಟಲೆ ಒಂದು ದಿನವೂ ತಡವಾಗಿ ಬರದ, ಹಾಜರಿ ಪುಸ್ತಕದಲ್ಲಿ ಒಂದು ಗೀಟೂ ಸೊಟ್ಟ ಹಾಕದ ನಮ್ಮ ಹಿಂದಿ ಮಿಸ್ಸಿಗೆ ಹತ್ತಕ್ಕೆ ಹತ್ತು. "ಯಾರ್ರೀ ಬರೆದಿದ್ದು ಇದನ್ನ? ನಮ್ಮನೆಗೆ ಬಂದು ನೋಡ್ದಂಗೆ ಬರ್ದಿದಾರೆ!" ಎಂದರು. ಎಲ್ಲರೂ ನಕ್ಕರು. ನಾನು ಡಬ್ಬಿ ತೆಗೆಯಲೇ ಇಲ್ಲ.

ಯಾಕೆಂದರೆ ಅದೇ ಮಾತನ್ನು, ಅದೇ ದನಿಯಲ್ಲಿ, ನಾನು ಮೊದಲೇ ಕೇಳಿದ್ದೆ.

ಅವಳಿದ್ದ ವರ್ಷ ಎಂಟನೇ ಕ್ಲಾಸಿನಲ್ಲಿ ನಲವತ್ತೇಳು ಮಕ್ಕಳು. ಪ್ರತಿ ಕಾರ್ಡಿನಲ್ಲೂ ಷರಾ ಇರಲೇಬೇಕು, ನಾಳೆ ಪೋಷಕರ ಸಭೆ, ಎಂದು ಮುಖ್ಯೋಪಾಧ್ಯಾಯಿನಿ ಮೂರು ಗಂಟೆಗೆ ಹೇಳಿದರು. ಐದಕ್ಕೆ ಬಸ್ಸು ಹಿಡಿಯಬೇಕಿತ್ತು. ಮೊದಲ ಆರೇಳು ಕಾರ್ಡಿಗೆ ಯೋಚಿಸಿ ಬರೆದೆ, ಆಮೇಲೆ ಕೈ ಸೋತಿತು. ಮೂರು ವಾಕ್ಯ ಹೊಂದಿಸಿ, ಕೆಲವರಿಗೆ ಮಾತ್ರ ಬೇರೆ ಇದ್ದರೆ ತಕರಾರಾದೀತೆಂದು ಬರೆದ ಆರೇಳನ್ನೂ ಬಿಳಿ ಬಣ್ಣ ಹಚ್ಚಿ ಅಳಿಸಿ, ನಲವತ್ತೇಳಕ್ಕೂ ಅದನ್ನೇ ಬರೆದೆ. ಬುದ್ಧಿವಂತ, ಗಮನ ಚದುರುತ್ತದೆ, ಮನಸ್ಸು ಮಾಡಿದರೆ ಇನ್ನೂ ಚೆನ್ನಾಗಿ ಓದಬಲ್ಲ. ಮಾರನೆಯ ದಿನ ಸಿಕ್ಕಿಬೀಳುತ್ತೇನೆಂದುಕೊಂಡಿದ್ದೆ. ಒಬ್ಬರೂ ಜಗಳ ತೆಗೆಯಲಿಲ್ಲ. ಮೊದಲ ರ‍್ಯಾಂಕಿನವನ ಅಪ್ಪ "ಸರಿಯಾಗಿ ಹೇಳಿದೀರ ಮೇಡಂ, ಮನಸ್ಸು ಮಾಡಲ್ಲ ಇವನು" ಎಂದರು. ಎರಡು ಸಲ ಫೇಲಾದವನ ಅಮ್ಮ "ನನ್ನ ಮಗ ಬುದ್ಧಿವಂತ ಅಂತ ನೀವೊಬ್ರೇ ಹೇಳಿದ್ದು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನ್ನ ಮಗುವನ್ನು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೀರಿ ಎಂದು ಹತ್ತು ಜನವಾದರೂ ಕೈಮುಗಿದಿರಬೇಕು. ನಾಚಿಕೆಗೇಡಿನ ಮಾತು ಇನ್ನೊಂದಿದೆ. ಆಮೇಲೆ ನಾಲ್ಕು ವರ್ಷ ಅದನ್ನೇ ಬರೆದೆ.

ಆ ಷರಾ ಆ ಹುಡುಗಿಗೆ ಹೊಂದಿತ್ತು, ನಿಜ. ಯಾರಿಗೆ ಹೊಂದದೆ ಹೋಗುತ್ತಿತ್ತು ಎಂಬ ಪ್ರಶ್ನೆಯನ್ನು ಅವಳೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಚೌಕಕ್ಕೆ ನಾಲ್ಕು ಬಾಹು ಇರುತ್ತವೆ ಕಣ್ರೋ, ಹಾಗಂತ ನಾಲ್ಕು ಬಾಹು ಇರುವುದೆಲ್ಲ ಚೌಕವಲ್ಲ ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಹರಿದುಕೊಳ್ಳುವವಳು ನಾನು. ಈ ತೊಂದರೆ ಇರುವವರು ಮರೆಯುತ್ತಾರೆ, ಸರಿ. ಮರೆಯುವವರಿಗೆಲ್ಲ ಈ ತೊಂದರೆ ಇದೆ ಎಂದು ಸಹಿ ಹಾಕಿ ಕೊಟ್ಟಿದ್ದೆ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ಆ ಮಧ್ಯಾಹ್ನ ಏನೂ ತಪ್ಪು ಮಾಡದ ಒಂಬತ್ತನೇ ಕ್ಲಾಸಿನವರು ಬೈಸಿಕೊಂಡರು.

ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ಶನಿವಾರ ಸಂಜೆ ಸೀದಾ ಕ್ಲಿನಿಕ್ಕಿಗೇ ಹೋದೆ. ಹಳೇ ಮನೆಯೊಂದರ ಮುಂದಿನ ಎರಡು ಕೋಣೆಯಲ್ಲಿತ್ತು. ಅವಳು ಬೆಂಚಿನ ಮೇಲೆ ಕವರು ಹಿಡಿದುಕೊಂಡು ಕೂತಿದ್ದಳು. ನನ್ನನ್ನು ನೋಡಿ ಮುಖ ಅರಳಿತು.

"ನನಗೋಸ್ಕರ ಬಂದ್ರಾ ಮಿಸ್!"

ಆ ಮುಖ ನೋಡಿ ವಾಪಸ್ ಹೋಗಿಬಿಡೋಣ ಅನಿಸಿತು. ಆದರೂ ಪಕ್ಕದಲ್ಲಿ ಕೂತು ಹೇಳಿದೆ. ನಲವತ್ತೇಳು ಕಾರ್ಡು, ಐದು ಗಂಟೆಯ ಬಸ್ಸು, ಎಲ್ಲ. ಅವಳ ಮುಖ ಸಣ್ಣದಾಗುತ್ತ ಹೋಯಿತು.

"ಎಲ್ಲರಿಗೂ ಅದೇನಾ?"

"ಎಲ್ಲರಿಗೂ ಅದೇ ಕಣೇ."

"ನಾನು ಇಷ್ಟು ವರ್ಷ ಇಟ್ಕೊಂಡಿದೀನಿ ಮಿಸ್. ಬುದ್ಧಿವಂತೆ ಅಂತ ಬರ್ದಿದ್ರಲ್ಲ, ಅದೂನೂ ಸುಳ್ಳಾ?"

ಸುಳ್ಳಲ್ಲ ಎಂದು ಹೇಳಿ ಸಮಾಧಾನ ಮಾಡುವುದು ಸುಲಭವಿತ್ತು, ಮತ್ತೊಂದು ಷರಾ ಬರೆದಂತಾಗುತ್ತಿತ್ತು ಅಷ್ಟೇ. "ಅವಾಗ ನಿನ್ನನ್ನ ನೋಡಿ ಬರೀಲಿಲ್ಲ. ತಪ್ಪಾಯ್ತು," ಎಂದೆ. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಒಳಗಿನಿಂದ ಕರೆ ಬಂದಾಗ ಎದ್ದು ನಿಂತು, ನನ್ನ ಕಡೆ ನೋಡದೆಯೇ, "ನೀವೂ ಬನ್ನಿ. ಡಾಕ್ಟರ್ ಮುಂದೆ ಹೇಳಿ," ಎಂದಳು.

ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ನನ್ನ ಪತ್ರ ಓದಿದರು, ಕಾರ್ಡು ನೋಡಿದರು, ನನ್ನ ತಪ್ಪೊಪ್ಪಿಗೆ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ. "ನನ್ನ ಕಾರ್ಡಲ್ಲೂ ಇದೇ ಇತ್ತು ಮೇಡಂ," ಎಂದು ನಕ್ಕು, ಎರಡನ್ನೂ ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಅವಳ ಕಡೆ ತಿರುಗಿದರು. "ಆ ವಿಡಿಯೋ ಎಲ್ಲಾ ಸುಳ್ಳು ಅಂತ ನಾನು ಹೇಳಲ್ಲ. ಈ ತೊಂದರೆ ಇರೋರು ಇದಾರೆ, ಔಷಧದಿಂದ ಬದುಕು ಸುಧಾರಿಸಿಕೊಂಡೋರು ಇದಾರೆ. ನಿಮಗೂ ಇರಬಹುದು, ಇಲ್ಲದೇನೂ ಇರಬಹುದು. ಹೊಂದುತ್ತೆ ಅನ್ನೋದ್ರಿಂದ ಮಾತ್ರ ಅದು ಗೊತ್ತಾಗಲ್ಲ."

ಅವಳು ಒಮ್ಮೆಲೇ ರೇಗಿದಳು. "ಹಾಗಾದ್ರೆ ನಾನು ಬರೀ ಸೋಂಬೇರಿನಾ? ಇದಕ್ಕೊಂದು ಹೆಸರಿದೆ ಅಂತ ಗೊತ್ತಾದಾಗ ಎಷ್ಟು ಸಮಾಧಾನ ಆಗಿತ್ತು ಗೊತ್ತಾ ನಿಮಗೆ?"

"ಸೋಂಬೇರಿ ಅಂತ ಯಾರಮ್ಮಾ ಹೇಳಿದ್ದು? ನಿಮಗೆ ತೊಂದರೆ ಆಗ್ತಿರೋದು ನಿಜ. ಯಾಕೆ ಅಂತ ಹುಡುಕೋಣ, ಅಷ್ಟೇ."

ಹುಡುಕುವುದು ಹೇಗೆಂದು ಆ ಒಂದು ಗಂಟೆಯಲ್ಲಿ ಕಂಡೆ. ಮರೆಯುತ್ತೀರಾ ಎಂದು ಅವರು ಕೇಳಲೇ ಇಲ್ಲ. ಏನು ಮರೆತಿರಿ, ಯಾವಾಗ, ಅದರಿಂದ ಏನಾಯಿತು, ಎಂದು ಕೇಳಿದರು. ಮನೆಯಲ್ಲೂ ಹಾಗೇನಾ, ಲ್ಯಾಬಿನಲ್ಲಿ ಮಾತ್ರವಾ. ಹನ್ನೆರಡು ವರ್ಷದೊಳಗೆ ಹೇಗಿದ್ದಿರಿ, ಪಿಯುಸಿಯಲ್ಲಿ ಹೇಗಿದ್ದಿರಿ, ಡಿಪ್ಲೊಮಾ ಮಾಡುವಾಗ ಹೇಗಿದ್ದಿರಿ. ಅವಳ ಒಪ್ಪಿಗೆ ಪಡೆದು ತಾಯಿಗೆ ಫೋನು ಹಚ್ಚಿದರು. ಸ್ಪೀಕರಿನಲ್ಲಿ ತಾಯಿ ಹೇಳಿದರು: "ಇವಳಾ? ಚಿಕ್ಕೋಳಿದ್ದಾಗ ಹಿಂದಿನ ದಿನಾನೇ ಬ್ಯಾಗು ಜೋಡಿಸಿಟ್ಟು ಮಲಗೋಳು. ನಾನು ಒಲೆ ಆರಿಸಿದೀನಾ ಇಲ್ವಾ ಅಂತ ಅವಳೇ ನೋಡೋಳು. ಈಗ ಒಂದೆರಡು ವರ್ಷದಿಂದ ಏನೋ ಆಗಿದೆ ಡಾಕ್ಟ್ರೇ, ಕೂತಲ್ಲೇ ಕೂತಿರ್ತಾಳೆ."

ಅವಳು ಬೆರಗಾಗಿ ಕೇಳುತ್ತಿದ್ದಳು. ವಿಡಿಯೋ ನೋಡಿದ ಮೇಲೆ ಅವಳಿಗೆ ಬಾಲ್ಯದಲ್ಲಿ ಕಳೆದ ಒಂದು ಪೆನ್ಸಿಲು, ಮರೆತ ಒಂದು ಹೋಮ್‌ವರ್ಕು, ಇಂಥವೇ ನೆನಪಿಗೆ ಬಂದಿದ್ದವಂತೆ. ಜೋಡಿಸಿಟ್ಟ ಬ್ಯಾಗು ನೆನಪೇ ಆಗಿರಲಿಲ್ಲವಂತೆ.

ನಿದ್ದೆ ಎಷ್ಟು, ಊಟ ಏನು, ಬೇಜಾರು ಎಷ್ಟು, ಮುಟ್ಟು ಹೇಗೆ, ಎಂದೆಲ್ಲ ಕೇಳುತ್ತ ಹೋದರು. ಐದು ಗಂಟೆ ನಿದ್ದೆ. ಬೆಳಿಗ್ಗೆ ಬರೀ ಕಾಫಿ. ಎರಡು ವರ್ಷದಿಂದ ಮುಟ್ಟಿನಲ್ಲಿ ಎಂಟು ದಿನ ವಿಪರೀತ ರಕ್ತ ಹೋಗುತ್ತದೆ, ಎಲ್ಲರಿಗೂ ಹಾಗೇ ಎಂದುಕೊಂಡಿದ್ದಳು. ಲ್ಯಾಬಿನ ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಅವಳ ಕಣ್ಣಿನ ಕೆಳ ರೆಪ್ಪೆ ಎಳೆದು ನೋಡಿ, "ಹಸಿ ಅಕ್ಕಿ ತಿನ್ನಬೇಕು ಅನ್ಸುತ್ತಾ?" ಎಂದು ಕೇಳಿದರು.

ಅವಳು ಬೆಚ್ಚಿದಳು. "ದಿನಾ ತಿಂತೀನಿ. ಅಮ್ಮಂಗೂ ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತಾಯ್ತು? ಹಾಗಾದ್ರೆ ನನಗೆ ಇದೇನಾ? ರಕ್ತ ಕಡಿಮೆನಾ?"

"ನೋಡಿ, ಮತ್ತೆ ಅದೇ ಮಾಡ್ತಾ ಇದೀರಿ," ಎಂದರು ಡಾಕ್ಟರು. "ನಾನು ಹೇಳಿದ್ದು ಹೊಂದಿದ ತಕ್ಷಣ ನನ್ನೂ ನಂಬಿಬಿಡಬೇಡಿ. ರಕ್ತ ಕಡಿಮೆ ಇರೋರಿಗೆ ಹಸಿ ಅಕ್ಕಿ ಆಸೆ ಆಗೋದುಂಟು, ಅದಕ್ಕೇ ಕೇಳಿದೆ, ಇದು ನನ್ನ ಅನುಮಾನ ಅಷ್ಟೇ. ಆದರೆ ಈ ಅನುಮಾನಕ್ಕೆ ಒಂದು ಪರೀಕ್ಷೆ ಇದೆ, ಅದು ಅಲ್ಲ ಅಂತಲೂ ಹೇಳಬಲ್ಲದು. ರಕ್ತ ಕೊಡಿ, ನೋಡೋಣ."

ನನಗೆ ಆ ಹೆಂಗಸಿನ ಕಾಲಿಗೆ ಬೀಳಬೇಕೆನಿಸಿತು. ಮೂವತ್ತು ವರ್ಷದಲ್ಲಿ ಇಷ್ಟು ಸ್ಪಷ್ಟವಾಗಿ ನಾನು ಯಾವ ಪಾಠವನ್ನೂ ಮಾಡಿಲ್ಲ.

ದಿನಾ ಊರಿನವರ ರಕ್ತ ತೆಗೆಯುವವಳು ತನ್ನದನ್ನು ಮೂರು ವರ್ಷದಿಂದ ನೋಡಿಕೊಂಡಿರಲಿಲ್ಲ. ಸೋಮವಾರ ಅವಳ ಸೀನಿಯರೇ ತೆಗೆದರು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಎಂಟೂ ಇರಲಿಲ್ಲ, ಮೈಯಲ್ಲಿ ಕಬ್ಬಿಣದ ದಾಸ್ತಾನು ಪೂರ್ತಿ ಖಾಲಿ. ಥೈರಾಯ್ಡ್ ಸರಿಯಾಗಿತ್ತು. ಕಬ್ಬಿಣದ ಮಾತ್ರೆ ಶುರುವಾಯಿತು, ರಕ್ತ ಯಾಕೆ ಅಷ್ಟು ಹೋಗುತ್ತದೆಂದು ನೋಡಲು ಸ್ತ್ರೀರೋಗ ತಜ್ಞರ ಬಳಿಗೂ ಕಳಿಸಿದರು. ಇಷ್ಟು ರಕ್ತ ಕಡಿಮೆ ಇದ್ದರೆ, ಇಷ್ಟು ನಿದ್ದೆಗೆಟ್ಟರೆ, ಯಾರ ಗಮನವೂ ನಿಲ್ಲುವುದು ಕಷ್ಟ ಎಂದರು ಮನೋವೈದ್ಯರು. ಇದನ್ನು ಮೊದಲು ಸರಿಮಾಡೋಣ, ಕೆಲವು ತಿಂಗಳ ಮೇಲೂ ತೊಂದರೆ ಉಳಿದರೆ ಮತ್ತೆ ಮೊದಲಿನಿಂದ ನೋಡೋಣ, ಅಲ್ಲಿಯವರೆಗೆ ರಾಜೀನಾಮೆ ಕೊಡಬೇಡಿ ಎಂದು ಹೇಳಿ ಕಳಿಸಿದರು. ಅವಳು ಕೊಡಲಿಲ್ಲ. ನನ್ನ ಜೊತೆ ಮಾತೂ ಆಡಲಿಲ್ಲ, ಇದೆಲ್ಲ ನನಗೆ ಹೇಳಿದ್ದು ಅವಳ ಅಮ್ಮ.

ಎರಡು ತಿಂಗಳು ನಾನು ಕಳಿಸಿದ ಯಾವ ಮೆಸೇಜಿಗೂ ಉತ್ತರ ಬರಲಿಲ್ಲ. ಬರಬೇಕು ಎನ್ನಲು ನನಗೆ ಮುಖವೂ ಇರಲಿಲ್ಲ. ಆ ಸಲ ಅರ್ಧವಾರ್ಷಿಕ ಪರೀಕ್ಷೆಯ ಕಾರ್ಡುಗಳನ್ನು ನಾಲ್ಕು ದಿನ ಕೂತು ಬರೆದೆ. ಕೆಲವು ಮಕ್ಕಳ ಬಗ್ಗೆ ಬರೆಯಲು ನನಗೆ ಏನೂ ಗೊತ್ತಿಲ್ಲವೆಂದು ತಿಳಿಯಿತು. ಅಂಥವರ ಪಕ್ಕ ಒಂದೊಂದು ದಿನ ಹೋಗಿ ಕೂತೆ. ಕೆಲವರಿಗೆ ಬೆವರು ಬಂತು ಪಾಪ.

ದಸರಾ ರಜೆಯಲ್ಲಿ ಅವಳಿಂದ ಫೋನು. "ಮಿಸ್, ಶುಗರ್ ಟೆಸ್ಟ್ ಮಾಡ್ಸಿ ಎಷ್ಟು ದಿನ ಆಯ್ತು? ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬಂದ್ಬಿಡಿ." ಹೇಗಿದ್ದೀಯ ಎಂದು ಕೇಳುವುದರೊಳಗೆ ಇಟ್ಟುಬಿಟ್ಟಳು.

ಏಳು ಗಂಟೆಗೆ ಮಲ್ಲೇಶ್ವರ ತಲುಪಿದೆ. ಬಿಳಿ ಕೋಟು ಹಾಕಿಕೊಂಡು ಬಂದಳು. ತುಟಿಗೆ ಬಣ್ಣ ಬಂದಿತ್ತು. ಹಿಮೋಗ್ಲೋಬಿನ್ ಹನ್ನೊಂದು ದಾಟಿದೆಯಂತೆ, ಅಕ್ಕಿ ಡಬ್ಬದ ಕಡೆ ಹೋಗಬೇಕೆನಿಸುವುದಿಲ್ಲವಂತೆ. "ಮೆಟ್ಟಿಲು ಆರಾಮಾಗಿ ಹತ್ತುತೀನಿ. ಛತ್ರಿ ಮಾತ್ರ ಈಗ್ಲೂ ಎಲ್ಲೋ ಬಿಟ್ಟು ಬರ್ತೀನಿ, ಏನೋ ಗೊತ್ತಿಲ್ಲ. ಡಾಕ್ಟರ್ ಡಿಸೆಂಬರಿಗೆ ಮತ್ತೆ ಬರಕ್ಕೇಳಿದಾರೆ. ಇದ್ರೆ ಇದೆ ಅಂತಾರೆ, ಇಲ್ಲದಿದ್ರೆ ಇಲ್ಲ ಅಂತಾರೆ. ಭಯ ಏನಿಲ್ಲ."

ತೋಳಿಗೆ ಪಟ್ಟಿ ಕಟ್ಟಿದಳು. ನನ್ನ ಹೆಸರು ಕೇಳಿದಳು. ಗೊತ್ತಿಲ್ವೇನೇ ಎಂದೆ. "ನೀವೇ ಹೇಳ್ಬೇಕು ಮಿಸ್, ಪೂರ್ತಿ ಹೆಸರು," ಎಂದಳು, ನಗದೆ. ಹೇಳಿದೆ. ವಯಸ್ಸು ಕೇಳಿದಳು, ಚೀಟಿಯ ಜೊತೆ ಹೋಲಿಸಿದಳು. ರಕ್ತ ತೆಗೆದು, ನನ್ನೆದುರಿಗೇ ಟ್ಯೂಬಿಗೆ ಲೇಬಲ್ ಅಂಟಿಸಿ, ನನ್ನ ಕಡೆ ತಿರುಗಿಸಿ ಹಿಡಿದು, "ಓದಿ, ನಿಮ್ಮದೇನಾ?" ಎಂದಳು.

ಕನ್ನಡಕ ತಂದಿರಲಿಲ್ಲ, ಜೊತೆಗೆ ಕಣ್ಣಲ್ಲಿ ನೀರು. ಹೂಂ ಎಂದುಬಿಟ್ಟೆ.

"ಓದ್ದೆ ಹೂಂ ಅನ್ಬಾರ್ದು ಮಿಸ್," ಎಂದು ಟ್ಯೂಬನ್ನು ಅಲ್ಲೇ ಹಿಡಿದುಕೊಂಡು, ನಾನು ಕಣ್ಣೊರೆಸಿಕೊಂಡು ಒಂದೊಂದೇ ಅಕ್ಷರ ಓದುವವರೆಗೂ ನಿಂತಿದ್ದಳು.